ಸರ್ವೀಸು ಯಾರದು? ಬ್ಯಾಡ್ಮಿಂಟನ್ ಡಬಲ್ಸಿನ ಲೆಕ್ಕ

ಮಕ್ಕಳೊಡನೆ ಬ್ಯಾಡ್ಮಿಂಟನ್ ಕಲಿಯಲು ಹೊರಟ ತಂದೆತಾಯಿಗಳಿಗೆ ಮೊದಲ ಅಡಚಣೆಯಾಗಿ ಒದಗುವುದು ಅನೇಕ ವೇಳೆ ಅವರ ಬಾಲ್ಯದ ನೆನಪೇ. 2006ಕ್ಕೆ ಮುನ್ನ ಸರ್ವೀಸು ಮಾಡಿದ ಪಕ್ಷಕ್ಕೆ ಮಾತ್ರ ಅಂಕ ದೊರೆಯುತ್ತಿತ್ತು. ಡಬಲ್ಸಿನಲ್ಲಿ ಒಬ್ಬನ ಸರ್ವೀಸು ಹೋದರೆ ಜೊತೆಗಾರನಿಗೆ ಇನ್ನೊಂದು ಅವಕಾಶವಿರುತ್ತಿತ್ತು. ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದುದು ಆ ಹಳೆಯ ಅಂಕಪದ್ಧತಿಯ ಕಾಲದಲ್ಲಿಯೇ. ಈಗಿನ ಪದ್ಧತಿಯಲ್ಲಾದರೋ, ಸರ್ವೀಸು ಯಾರದೇ ಇರಲಿ, ಪ್ರತಿ ರ‍್ಯಾಲಿಗೂ ಒಂದು ಅಂಕವುಂಟು. ಜೊತೆಗಾರನ ಎರಡನೆಯ ಅವಕಾಶವೆಂಬುದು ಇಲ್ಲ. 21 ಅಂಕಗಳನ್ನು ಮುಟ್ಟಿದ ಪಕ್ಷವು ಗೇಮನ್ನು ಗೆಲ್ಲುತ್ತದೆ; 20-20ರಲ್ಲಿ ಸಮನಾದರೆ ಎರಡು ಅಂಕಗಳ ಮುನ್ನಡೆ ಬೇಕು; 29-29ಕ್ಕೆ ಬಂದರೆ ಮುಂದಿನ ಒಂದೇ ಅಂಕವು ನಿರ್ಣಾಯಕ. ಇಷ್ಟನ್ನು ಮಕ್ಕಳು ಒಂದೇ ಸಂಜೆಯಲ್ಲಿ ಗ್ರಹಿಸಿಬಿಡುತ್ತಾರೆ.

ಕಲಹವು ಹುಟ್ಟುವುದು ಡಬಲ್ಸಿನಲ್ಲಿ, ಈಗ ಸರ್ವೀಸು ಮಾಡತಕ್ಕವರು ಯಾರು, ಎಲ್ಲಿ ನಿಂತು ಮಾಡಬೇಕು ಎಂಬ ಪ್ರಶ್ನೆಯಿಂದ. ಇದಕ್ಕೆ ಉತ್ತರವು ಅಂಕದಲ್ಲಿಯೇ ಅಡಗಿದೆ. ಸರ್ವೀಸು ಮಾಡುವ ಪಕ್ಷದ ಅಂಕವು ಸಮಸಂಖ್ಯೆಯಾದರೆ ಬಲ ಅಂಕಣದಿಂದ, ಬೆಸಸಂಖ್ಯೆಯಾದರೆ ಎಡ ಅಂಕಣದಿಂದ ಸರ್ವೀಸು ಮಾಡಬೇಕು. ಸೊನ್ನೆಯನ್ನು ಸಮಸಂಖ್ಯೆಯೆಂದೇ ಎಣಿಸಬೇಕು. ತಾವು ಸರ್ವೀಸು ಮಾಡುತ್ತಿರುವಾಗ ಅಂಕ ಗಳಿಸಿದ ಜೋಡಿಯು ಮಾತ್ರ ಪರಸ್ಪರ ಸ್ಥಳ ಬದಲಿಸುತ್ತದೆ. ಮಿಕ್ಕ ಯಾವ ಸಂದರ್ಭದಲ್ಲಿಯೂ ಯಾರೂ ತಮ್ಮ ಅಂಕಣವನ್ನು ಬಿಟ್ಟು ಸರಿಯತಕ್ಕದ್ದಲ್ಲ.

ತಾಯಿ ಮತ್ತು ಮಗಳು ಒಂದು ಕಡೆ, ತಂದೆ ಮತ್ತು ಮಗ ಇನ್ನೊಂದು ಕಡೆ ಇರುವರೆಂದು ಭಾವಿಸೋಣ. ಪ್ರಾರಂಭದಲ್ಲಿ ತಾಯಿಯೂ ತಂದೆಯೂ ತಮ್ಮ ತಮ್ಮ ಬಲ ಅಂಕಣದಲ್ಲಿದ್ದು, ತಾಯಿಯು ಕರ್ಣರೇಖೆಯಲ್ಲಿ ತಂದೆಗೆ ಸರ್ವೀಸು ಮಾಡುತ್ತಾಳೆ. ರ‍್ಯಾಲಿಯನ್ನು ತಾಯಿಯ ಪಕ್ಷವು ಗೆದ್ದರೆ 1-0. ಆಕೆ ಎಡಕ್ಕೆ ಬರುತ್ತಾಳೆ, ಮಗಳು ಬಲಕ್ಕೆ ಹೋಗುತ್ತಾಳೆ, ಮುಂದಿನ ಸರ್ವೀಸು ಮಗನಿಗೆ. ಅದನ್ನು ತಂದೆ-ಮಗ ಗೆದ್ದರೆ 1-1. ಈಗ ಯಾರೂ ಕದಲುವುದಿಲ್ಲ. ಅವರ ಅಂಕವು ಬೆಸಸಂಖ್ಯೆಯಾದುದರಿಂದ ಎಡಗಡೆ ನಿಂತಿರುವ ಮಗನೇ ತಾಯಿಗೆ ಸರ್ವೀಸು ಮಾಡತಕ್ಕವನು. ಆ ರ‍್ಯಾಲಿಯು ತಾಯಿಯ ಪಕ್ಷಕ್ಕೆ ಸಂದರೆ 2-1. ಎರಡು ಸಮಸಂಖ್ಯೆ, ಬಲಗಡೆಯಲ್ಲಿರುವವಳು ಮಗಳು, ಆದ್ದರಿಂದ ಸರ್ವೀಸು ಅವಳದು. ಹಳೆಯ ಅಭ್ಯಾಸದವರು ಎಡವುವುದು ಇಲ್ಲಿಯೇ: ಮೊದಲು ಮಾಡಿದವಳು ತಾನಾದುದರಿಂದ ಸರ್ವೀಸು ತನಗೇ ಮರಳಿತೆಂದು ತಾಯಿಯು ಷಟಲನ್ನು ಕೈಗೆತ್ತಿಕೊಂಡು ಬಲಕ್ಕೆ ನಡೆದುಬಿಡುತ್ತಾಳೆ.

ಹಾಗೆ ತಪ್ಪಾಗಿ ಸರ್ವೀಸು ಮಾಡಿ ಆ ಅಂಕವನ್ನೂ ಗೆದ್ದು 3-1 ಆದ ಮೇಲೆ ಮಗನು ಆಕ್ಷೇಪಿಸಿದನೆನ್ನಿ. ಅಂಕವನ್ನು ಅಳಿಸಬೇಕೆಂದು ಅವನು ವಾದಿಸುವುದು ಸಹಜ. ನಿಯಮವಾದರೋ ಹಾಗೆ ಹೇಳುವುದಿಲ್ಲ. ತಪ್ಪು ಕಂಡುಬಂದಾಗ ಆಟಗಾರರ ಸ್ಥಾನವನ್ನೂ ಸರದಿಯನ್ನೂ ಸರಿಪಡಿಸಬೇಕು, ಆಗಿರುವ ಅಂಕವು ಹಾಗೆಯೇ ಉಳಿಯಬೇಕು. ಅಂದರೆ 3-1 ಸ್ಥಿರ. ಕ್ರಮ ತಪ್ಪದಿದ್ದರೆ ಈಗ ಎಲ್ಲಿರುತ್ತಿದ್ದಳೋ ಆ ಎಡ ಅಂಕಣಕ್ಕೆ ಮಗಳು ಬಂದು ಸರ್ವೀಸು ಮಾಡುತ್ತಾಳೆ. ಮಕ್ಕಳಿಗೆ ಇದು ಅನ್ಯಾಯವೆನಿಸಬಹುದು. ಆದರೆ ರ‍್ಯಾಲಿಯನ್ನು ನಾಲ್ವರೂ ಆಡಿಯಾಗಿದೆ. ತಪ್ಪನ್ನು ಕಂಡೂ ಕಾಣದಂತಿದ್ದು, ಸೋತ ಮೇಲೆ ಎತ್ತಿ ತೋರಿಸುವ ಜಾಣತನಕ್ಕೆ ಈ ನಿಯಮವು ಎಡೆಗೊಡುವುದಿಲ್ಲವೆಂಬುದೇ ನನಗೆ ಇದರಲ್ಲಿ ಮೆಚ್ಚಿಕೆಯಾದ ಅಂಶ.

ಗೆರೆಯ ವಿಚಾರದಲ್ಲಿ ಹೇಳಬೇಕಾದುದು ಸ್ವಲ್ಪ. ಷಟಲು ಗೆರೆಯ ಮೇಲೆ ಬಿದ್ದರೆ ಅದು ಒಳಗೇ ಸರಿ. ಡಬಲ್ಸಿನ ಸರ್ವೀಸಿಗೆ ಮಾತ್ರ ಹಿಂಬದಿಯ ಕೊನೆಯ ಗೆರೆಗಿಂತ 76 ಸೆಂಟಿಮೀಟರ್ ಮುಂದಿರುವ ಗೆರೆಯೇ ಮಿತಿ; ಅದರಾಚೆ ಬಿದ್ದ ಸರ್ವೀಸು ಹೊರಗೆ, ರ‍್ಯಾಲಿಯ ನಡುವೆ ಅದೇ ಜಾಗದಲ್ಲಿ ಬಿದ್ದ ಹೊಡೆತ ಒಳಗೆ. ಗೆರೆ ಕಾಯುವವನಿಗೆ ಕಾಣದೆ, ಅಂಪೈರಿಗೂ ನಿರ್ಣಯಿಸಲಾಗದೆ ಹೋದಾಗ ನಿಯಮಪುಸ್ತಕವು ಲೆಟ್ ಎನ್ನುತ್ತದೆ: ಆ ರ‍್ಯಾಲಿಯನ್ನು ಬಿಟ್ಟು, ಸರ್ವೀಸು ಮಾಡಿದವರೇ ಮತ್ತೆ ಮಾಡಬೇಕು. ಅಂಪೈರೇ ಇಲ್ಲದ ಮನೆಯ ಆಟದಲ್ಲಿ ಯಾರೂ ಕಾಣದ ಷಟಲಿಗೂ ಇದನ್ನೇ ಅನ್ವಯಿಸುವುದು ಯುಕ್ತ. ದನಿ ಜೋರಾದವನ ಸಾಕ್ಷ್ಯವನ್ನು ನಂಬುವುದಕ್ಕಿಂತ ಅದು ಲೇಸು.

ಲೆಟ್ ಎಂಬ ಮಾತನ್ನು ಕಲಿತ ಮಕ್ಕಳು ಅದನ್ನು ಎಲ್ಲೆಡೆಯೂ ಕೂಗತೊಡಗುತ್ತಾರೆ. ಬಲೆಯ ಅಂಚನ್ನು ಸವರಿ ಸರಿಯಾದ ಅಂಕಣದಲ್ಲಿ ಬಿದ್ದ ಸರ್ವೀಸು ಟೆನಿಸ್ಸಿನಲ್ಲಿ ಲೆಟ್ ಆದರೂ ಇಲ್ಲಿ ಸಕ್ರಮವಾದುದೇ. ಷಟಲು ಬಲೆಯ ಮೇಲಂಚಿನಲ್ಲಿ ಸಿಕ್ಕಿ ನಿಂತರೆ, ಸರ್ವೀಸಿನಲ್ಲಾದರೆ ಫಾಲ್ಟ್, ಸರ್ವೀಸು ಹಿಂದಿರುಗಿದ ನಂತರವಾದರೆ ಲೆಟ್. ಇನ್ನು, ಎದುರಾಳಿ ಸಿದ್ಧನಾಗುವ ಮೊದಲೇ ಸರ್ವೀಸು ಮಾಡಿದರೆ ಅದೂ ಲೆಟ್ಟೇ. ಆದರೆ ಅವನು ರ‍್ಯಾಕೆಟ್ ಬೀಸಿ ಷಟಲನ್ನು ಹಿಂದಿರುಗಿಸಲು ಯತ್ನಿಸಿದ್ದಾದರೆ, ಸಿದ್ಧನಿರಲಿಲ್ಲವೆಂದು ಆಮೇಲೆ ಎಷ್ಟು ಗೋಗರೆದರೂ, ಅವನು ಸಿದ್ಧನಾಗಿದ್ದನೆಂದೇ ನಿಯಮವು ಪರಿಗಣಿಸುತ್ತದೆ.