ಬಳೆಯ ನಡುವೆ ಸೊನ್ನೆ, ಬಂಡೆಯ ಮೇಲೆ ಆರು ಗ್ರಾಂ

ಒಂದು ದೊಡ್ಡ ಕಬ್ಬಿಣದ ಬಳೆಯನ್ನು ಊಹಿಸಿಕೊಳ್ಳಿ. ನಡುವಿನಿಂದ ಅಂಚಿಗೆ ಮೂರು ಮೀಟರು, ಸುತ್ತಲೂ ಒಂದೇ ದಪ್ಪ. ಭೂಮಿ, ಸೂರ್ಯ ಯಾವುದರ ಹಂಗೂ ಇಲ್ಲದೆ ಬಾಹ್ಯಾಕಾಶದಲ್ಲಿ ತೇಲುತ್ತಿದೆ. ಚಕ್ರದ ನಡುವೆ ಅಚ್ಚು ಹಾದುಹೋಗುವ ಹಾಗೆ ಬಳೆಯ ಮಧ್ಯದಲ್ಲಿ ನೆಟ್ಟಗೆ ಒಂದು ಗೆರೆ ಎಳೆಯಿರಿ. ಅದೇ ಅಕ್ಷ. ಅಕ್ಷದ ಮೇಲೆ ಎಲ್ಲೋ ಒಂದು ಕಡೆ ಸಣ್ಣ ಮಣಿ ಇಟ್ಟರೆ ಬಳೆ ಅದನ್ನು ಎಷ್ಟು ಜೋರಾಗಿ ಎಳೆಯುತ್ತದೆ?

ಪಿಯುಸಿಯಲ್ಲಿ ನಾನು ಮಾಡಿದ ತಪ್ಪು ಇಲ್ಲಿಯೇ. ಬಳೆಯ ದ್ರವ್ಯರಾಶಿಯೆಲ್ಲ ನಡುಬಿಂದುವಿನಲ್ಲಿ ಗುಡ್ಡೆಯಾಗಿದೆ ಎಂದುಕೊಂಡು ನ್ಯೂಟನ್ನನ ವಿಲೋಮ ವರ್ಗ ನಿಯಮ ಹಾಕಿಬಿಟ್ಟಿದ್ದೆ. ಗೋಳಕ್ಕೆ ಆ ಜಾಣತನ ನಡೆಯುತ್ತದೆ, ಬಳೆಗೆ ನಡೆಯುವುದಿಲ್ಲ. ಆ ಲೆಕ್ಕ ತಪ್ಪೆಂದು ತಿಳಿಯಲು ಮಣಿಯನ್ನು ನಡುಬಿಂದುವಿಗೇ ತಂದರೆ ಸಾಕು. ಸೂತ್ರ ಎಳೆತವನ್ನು ಅನಂತ ಎನ್ನುತ್ತದೆ. ಆದರೆ ಅಲ್ಲಿ ಮಣಿಯನ್ನು ಬಲಕ್ಕೆ ಎಳೆಯುವಷ್ಟೇ ಕಬ್ಬಿಣ ಎಡಕ್ಕೂ ಎಳೆಯುತ್ತಿದೆ. ಸುತ್ತಲಿನವರೆಲ್ಲ ಸಮಬಲದಲ್ಲಿ ಜಗ್ಗುವ ಹಗ್ಗಜಗ್ಗಾಟ ಅದು. ಎಳೆತ ಸೊನ್ನೆ.

ಈಗ ಮಣಿಯನ್ನು ಅಕ್ಷದ ಮೇಲೆ ನಾಲ್ಕು ಮೀಟರು ದೂರ ಸರಿಸೋಣ. ತ್ರಿಜ್ಯ 3, ಎತ್ತರ 4, ಹಾಗಾಗಿ ಬಳೆಯ ಪ್ರತಿ ತುಣುಕೂ ಮಣಿಯಿಂದ ಸರಿಯಾಗಿ 5 ಮೀಟರು. ಇಡೀ ಬಳೆಯಷ್ಟು ತೂಕದ ಚುಕ್ಕಿಯೊಂದು ಒಂದು ಮೀಟರಿನಾಚೆಯಿಂದ ಎಳೆಯುವುದನ್ನು 1 ಎಂದು ಇಟ್ಟುಕೊಂಡರೆ, 5 ಮೀಟರಿನಾಚೆಯ ಎಳೆತ ಇಪ್ಪತ್ತೈದರಲ್ಲೊಂದು, ಅಂದರೆ 0.04. ಇದರಲ್ಲೂ ಪೂರ್ತಿ ಮಣಿಗೆ ದಕ್ಕುವುದಿಲ್ಲ. ಪ್ರತಿ ತುಣುಕು ಓರೆಯಾಗಿ ಎಳೆಯುತ್ತದೆ. ಪಕ್ಕಕ್ಕೆ ಹೋಗುವ ಪಾಲನ್ನು ಎದುರಿನ ತುಣುಕು ಕಡಿದುಹಾಕುತ್ತದೆ. ಅಕ್ಷದ ದಿಕ್ಕಿನಲ್ಲಿ ಉಳಿಯುವುದು ಐದರಲ್ಲಿ ನಾಲ್ಕು ಪಾಲು: 0.032. ಚುಕ್ಕಿಯ ಲೆಕ್ಕ ಕೊಡುತ್ತಿದ್ದುದು ಹದಿನಾರರಲ್ಲೊಂದು, 0.0625. ಹೆಚ್ಚುಕಡಿಮೆ ಎರಡು ಪಟ್ಟು ತಪ್ಪು.

ಇದನ್ನೇ ಸೂತ್ರವಾಗಿ ಬರೆದರೆ g = GMx/(x² + R²)^(3/2). ಮಣಿಯನ್ನು ಇನ್ನೂ ಹತ್ತಿರ, ಒಂದೇ ಮೀಟರಿಗೆ ತನ್ನಿ. ಎಳೆತ 0.0316. ನಾಲ್ಕು ಮೀಟರಿನಲ್ಲಿ ಇದ್ದುದಕ್ಕಿಂತ ಕೂದಲೆಳೆಯಷ್ಟು ಕಡಿಮೆಯೇ! ಹತ್ತಿರ ಬಂದಂತೆ ತುಣುಕುಗಳು ಜೋರಾಗಿ ಎಳೆಯುತ್ತವೆ ನಿಜ, ಆದರೆ ಹೆಚ್ಚುಹೆಚ್ಚು ಅಡ್ಡಡ್ಡವಾಗಿ ಎಳೆದು ಪರಸ್ಪರ ಸೊನ್ನೆಯಾಗುತ್ತವೆ. ಈ ಎರಡರ ನಡುವಿನ ಒಂದು ಜಾಗದಲ್ಲಿ ಎಳೆತ ತುತ್ತತುದಿ ಮುಟ್ಟುತ್ತದೆ: ತ್ರಿಜ್ಯದ 0.707 ಪಟ್ಟು ದೂರದಲ್ಲಿ. ನಮ್ಮ ಬಳೆಗೆ 2.12 ಮೀಟರು. ಅಲ್ಲಿ ಬೆಲೆ 0.043. ಮೂವತ್ತು ಮೀಟರು ದೂರ ಹೋದರೆ ಬಳೆಗೂ ಚುಕ್ಕಿಗೂ ನೂರಕ್ಕೆ ಒಂದೂವರೆಯಷ್ಟು ಮಾತ್ರ ವ್ಯತ್ಯಾಸ.

ಇನ್ನು ಬಳೆಯೊಳಗೆ ಬಳೆ, ಅದರೊಳಗೆ ಇನ್ನೊಂದು ಬಳೆ ಎಂದು ತುಂಬುತ್ತಾ ಹೋದರೆ ತಟ್ಟೆಯಾಗುತ್ತದೆ. ಎಲ್ಲವನ್ನೂ ಕೂಡಿದಾಗ ಸಿಗುವ ಸೂತ್ರ ಬಳೆಯದಕ್ಕಿಂತ ಸರಳ: 2πGσ(1 − x/√(x² + R²)). ಇಲ್ಲಿ σ ಎಂದರೆ ತಟ್ಟೆಯ ಒಂದು ಚದರ ಮೀಟರಿನ ದ್ರವ್ಯರಾಶಿ. ಮೂರು ಮೀಟರು ತ್ರಿಜ್ಯದ ತಟ್ಟೆಯ ಮೇಲೆ ಮೂರು ಸೆಂಟಿಮೀಟರು ಎತ್ತರದಲ್ಲಿ ಮಣಿಯಿದ್ದರೆ ಆವರಣದೊಳಗಿನ ಬೆಲೆ 0.99. ಎತ್ತರವನ್ನು ಇಮ್ಮಡಿ ಮಾಡಿ ಆರಕ್ಕೆ ಏರಿಸಿ, 0.98. ವಿಲೋಮ ವರ್ಗ ನಿಯಮದ ಪ್ರಕಾರ ಕಾಲುಭಾಗಕ್ಕೆ ಇಳಿಯಬೇಕಿದ್ದ ಎಳೆತ ಜಗ್ಗಲೇ ಇಲ್ಲ.

ಇದಕ್ಕೆ ಕಾರಣವನ್ನು ಟಾರ್ಚ್ ಹಿಡಿದು ಕಾಣಬಹುದು. ಕತ್ತಲಲ್ಲಿ ನೆಲಕ್ಕೆ ಟಾರ್ಚ್ ಬಿಡಿ. ಎತ್ತರ ಇಮ್ಮಡಿಯಾದರೆ ಬೆಳಕಿನ ವೃತ್ತದ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ಆ ವೃತ್ತದೊಳಗಿನ ತಟ್ಟೆಯ ಪ್ರತಿ ಕಣದ ಎಳೆತ ಕಾಲುಭಾಗಕ್ಕೆ ಇಳಿದರೂ ಎಳೆಯುವ ಕಣಗಳು ನಾಲ್ಕು ಪಟ್ಟಾಗಿವೆ. ಲೆಕ್ಕ ಚುಕ್ತಾ. ವೃತ್ತ ತಟ್ಟೆಯ ಅಂಚು ಮೀರುವ ತನಕ ಇದು ನಡೆಯುತ್ತದೆ, ಆಮೇಲಲ್ಲ. ಅಂದರೆ ತಟ್ಟೆ ಸಾಕಷ್ಟು ಅಗಲವಿದ್ದರೆ ಅದು ಎಷ್ಟು ಕೆಳಗಿದೆ ಎಂಬುದು ಮುಖ್ಯವಲ್ಲ. ಹಾಗಾಗಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ದಪ್ಪ ಚಪ್ಪಡಿ ಮಾಡಿದರೂ ಎಳೆತ ಬರೀ 2πGρh: ಸಾಂದ್ರತೆ ಗುಣಿಸು ದಪ್ಪ, ಅದಕ್ಕೊಂದು ಸ್ಥಿರಾಂಕ. ತ್ರಿಜ್ಯ ಸೂತ್ರದಿಂದಲೇ ಮಾಯ.

ಈ ಚಪ್ಪಡಿಯ ಲೆಕ್ಕವನ್ನು ಬೆಟ್ಟಕ್ಕೆ ಹೊತ್ತವನು ಪಿಯರ್ ಬೂಗೇರ್ ಎಂಬ ಫ್ರೆಂಚ್ ವಿಜ್ಞಾನಿ. ಭೂಮಿಯ ಆಕಾರ ಅಳೆಯಲು 1735ರಲ್ಲಿ ಹೊರಟ ತಂಡದಲ್ಲಿದ್ದ ಆತ, ಇಂದಿನ ಈಕ್ವೆಡಾರ್‌ನ ಕೀಟೊ ನಗರದಲ್ಲಿ ಲೋಲಕ ಆಡಿಸಿದ. ಊರು ಸಮುದ್ರಮಟ್ಟಕ್ಕಿಂತ ಸುಮಾರು 2,850 ಮೀಟರು ಮೇಲೆ, ಭೂಮಿಯ ತ್ರಿಜ್ಯದ 2,237ರಲ್ಲೊಂದು ಪಾಲು. ಬರೀ ಎತ್ತರವನ್ನೇ ನೋಡಿದರೆ ಗುರುತ್ವ 1,118ರಲ್ಲೊಂದು ಪಾಲು ಇಳಿಯಬೇಕು. ಲೋಲಕ ತೋರಿಸಿದ ಇಳಿಕೆ 1,331ರಲ್ಲೊಂದು ಮಾತ್ರ. ನಡುವಿನ ಉಳಿತಾಯ, ಹೆಚ್ಚುಕಡಿಮೆ 7,000ದಲ್ಲೊಂದು ಪಾಲು, ಕಾಲಡಿಯ ಪ್ರಸ್ಥಭೂಮಿಯ ಎಳೆತ ಎಂದ ಬೂಗೇರ್.

ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದ. ಚಪ್ಪಡಿಯ ಎಳೆತವನ್ನು ಇಡೀ ಭೂಮಿಯ ಎಳೆತದಿಂದ ಭಾಗಿಸಿದರೆ ಒಂದೂವರೆ ಗುಣಿಸು 2,237ರಲ್ಲೊಂದು ಗುಣಿಸು ಸಾಂದ್ರತೆಗಳ ಅನುಪಾತ ಎಂದಾಗುತ್ತದೆ. ಅದು 7,000ದಲ್ಲೊಂದಾಗಬೇಕಾದರೆ ಭೂಮಿ ಒಟ್ಟಾರೆಯಾಗಿ ಆ ಬೆಟ್ಟದ ಕಲ್ಲಿಗಿಂತ 4.7 ಪಟ್ಟು ಸಾಂದ್ರವಾಗಿರಬೇಕು. ಭೂಮಿ ಒಳಗೆ ಪೊಳ್ಳೆಂಬ ವಾದಕ್ಕೆ ಅಲ್ಲೇ ಕೊನೆ. ಆದರೆ 4.7 ಎಂಬ ಸಂಖ್ಯೆ ಮಾತ್ರ ತಪ್ಪು. ಭೂಮಿಯ ಸರಾಸರಿ ಸಾಂದ್ರತೆ 5.5, ಸಾಮಾನ್ಯ ಬಂಡೆಯದು ಸುಮಾರು 2.7, ಅನುಪಾತ ಎರಡರ ಆಸುಪಾಸು.

ಎಡವಟ್ಟಾದದ್ದು ಸೂತ್ರದಲ್ಲಲ್ಲ, ಬೆಟ್ಟದ ಬುಡದಲ್ಲಿ. ಆಂಡಿಸ್ ಪರ್ವತಕ್ಕೆ ನೆಲದೊಳಗೆ ಹಗುರ ಕಲ್ಲಿನ ಆಳವಾದ ಬೇರಿದೆ. ಮೇಲಿನ ಚಪ್ಪಡಿ ಕೂಡಿಸಿದ ಎಳೆತವನ್ನು ಕೆಳಗಿನ ಬೇರು ಅರ್ಧಕ್ಕರ್ಧ ಕಳೆದುಬಿಡುತ್ತದೆ. ಹಿಮಾಲಯದಲ್ಲೂ ಇಂಥದೇ ಕೊರತೆ ಸರ್ವೇಯವರ ಲೆಕ್ಕಕ್ಕೆ ಸಿಕ್ಕಿತು. 1855ರಲ್ಲಿ ಏರಿ ಮತ್ತು ಪ್ರ್ಯಾಟ್ ಅದರ ಬೆನ್ನು ಹತ್ತಿದರು, ಬೇರಿನ ವಿವರಣೆ ಕೊಟ್ಟವನು ಏರಿ.

ನೆಲ ಚಪ್ಪಡಿಯಂತೆ ಸಪಾಟಾಗಿಲ್ಲದಿರುವುದು ಇನ್ನೊಂದು ತೊಡಕು. ಪಕ್ಕದಲ್ಲಿ ಬೆಟ್ಟವಿದ್ದರೆ ಅದು ನಿಮ್ಮನ್ನು ಮೇಲಕ್ಕೆ ಎಳೆದು ಗುರುತ್ವ ಕಡಿಮೆ ಮಾಡುತ್ತದೆ. ಪಕ್ಕದಲ್ಲಿ ಕಣಿವೆಯಿದ್ದರೆ? ಚಪ್ಪಡಿಯಲ್ಲಿ ಇರಬೇಕಿದ್ದ ಕಲ್ಲು ಅಲ್ಲಿಲ್ಲ, ಆಗಲೂ ಕಡಿಮೆಯೇ. ಹಾಗಾಗಿ ಈ ತಿದ್ದುಪಡಿಯ ಚಿಹ್ನೆ ಎರಡೂ ಕಡೆ ಒಂದೇ. ತಿದ್ದುವ ಬಗೆಯೂ ನಮ್ಮ ಬಳೆಯದೇ: ಅಳತೆಯ ಜಾಗವನ್ನು ನಡುಬಿಂದುವಾಗಿಸಿ ನಕ್ಷೆಯ ಮೇಲೆ ಬಳೆ ಬಳೆಯಾಗಿ ವೃತ್ತ ಎಳೆದು, ಪ್ರತಿ ಬಳೆಯನ್ನು ತುಂಡು ಮಾಡಿ, ಒಂದೊಂದು ತುಂಡಿನ ಸರಾಸರಿ ಎತ್ತರ ನೋಡಿ ಕೂಡುತ್ತಾರೆ. ಸಿಗ್ಮಂಡ್ ಹ್ಯಾಮರ್ 1939ರಲ್ಲಿ ಇದಕ್ಕೆ ಕೋಷ್ಟಕಗಳನ್ನೇ ಮಾಡಿಕೊಟ್ಟ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಮೇಲಿದೆ. 60 ಕೆ.ಜಿ. ತೂಗುವವರಿಗೆ ಆ ಎತ್ತರ 17 ಗ್ರಾಂ ಕಡಿಮೆ ಮಾಡುತ್ತದೆ. ಕಾಲಡಿಯ ಬಂಡೆ, ಬೂಗೇರನ ಸೂತ್ರದ ಪ್ರಕಾರ, ಅದರಲ್ಲಿ 6 ಗ್ರಾಂ ವಾಪಸು ಕೊಡುತ್ತದೆ.