‘ಸರಿ.’ ಎಂದರೆ ಸಿಟ್ಟೇ?

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 2021ರ ಮಾರ್ಚ್‌ನಲ್ಲಿ ಧಾನ್ಯ ಖರೀದಿಸುವ ಕಂಪನಿಯೊಂದರ ಪ್ರತಿನಿಧಿ ಅಗಸೆ ಬೀಜದ ಒಪ್ಪಂದಪತ್ರಕ್ಕೆ ಸಹಿ ಹಾಕಿ, ಅದರ ಫೋಟೊವನ್ನು ರೈತರೊಬ್ಬರ ಮೊಬೈಲಿಗೆ ಕಳಿಸಿದರು. ಖಚಿತಪಡಿಸಿ ಎಂದೂ ಬರೆದರು. ರೈತರಿಂದ ಬಂದ ಉತ್ತರ 👍, ಅಷ್ಟೇ. ನವೆಂಬರಿನಲ್ಲಿ ಮಾಲು ಬರಲಿಲ್ಲ. ಅಷ್ಟರಲ್ಲಿ ಅಗಸೆಯ ಬೆಲೆ ಏರಿತ್ತು. ಒಪ್ಪಂದಪತ್ರ ತಲುಪಿದೆ ಎಂದು ತಿಳಿಸಲಿಕ್ಕೆ ಹೆಬ್ಬೆರಳು ತೋರಿಸಿದೆನೇ ಹೊರತು ಒಪ್ಪಿದ್ದೇನೆ ಎಂದಲ್ಲ ಎನ್ನುವುದು ರೈತರ ವಾದ. 2023ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 82,000 ಕೆನಡಾ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಲು ಹೇಳಿತು.

ಸುದ್ದಿಯಾದದ್ದು ‘ಇಮೋಜಿಯೂ ಸಹಿಯೇ’ ಎಂಬ ಮಾತು. ಆದರೆ ನನಗೆ ಹಿಡಿಸಿದ್ದು ನ್ಯಾಯಾಧೀಶರು ಆ ಹೆಬ್ಬೆರಳನ್ನು ಓದಿದ ಕ್ರಮ. ಅದೇ ಇಬ್ಬರ ನಡುವೆ ಹಿಂದೆಯೂ ಇದೇ ರೀತಿ ಒಪ್ಪಂದದ ಫೋಟೊಗಳು ಹೋಗಿದ್ದವು. ಆಗೆಲ್ಲ ರೈತ ‘ಓಕೆ’, ‘ಸರಿಯಾಗಿದೆ’ ಎಂಬಂಥ ಒಂದೆರಡು ಪದ ಬರೆದು, ಮಾಲನ್ನೂ ಕಳಿಸಿದ್ದರು. ಅಂದರೆ ಅವರ ಚುಟುಕು ಉತ್ತರಕ್ಕೆ ಅರ್ಥ ಸಿಕ್ಕಿದ್ದು ಅವರದೇ ಹಳೆಯ ಉತ್ತರಗಳಿಂದ. ನಮ್ಮ ಮನೆಗಳ ವಾಟ್ಸ್ಆ್ಯಪ್‌ನಲ್ಲಿ ಆಗುವ ಎಡವಟ್ಟು ಇದಕ್ಕೆ ತದ್ವಿರುದ್ಧ. ಬೇರೆಯವರ ಸಂದೇಶವನ್ನು ನಾವು ನಮ್ಮ ಅಭ್ಯಾಸದ ಮೇಲೆ ಓದುತ್ತೇವೆ: ನಾನು ಹೀಗೆ ಬರೆಯುವುದು ಸಿಟ್ಟು ಬಂದಾಗ, ಆದ್ದರಿಂದ ಅವರಿಗೂ ಸಿಟ್ಟು ಬಂದಿರಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿರುವ ನಾದಿನಿ ಶಿವಮೊಗ್ಗದ ಅತ್ತಿಗೆಗೆ ಗೃಹಪ್ರವೇಶದ ದಿನ ಗೊತ್ತಾದದ್ದನ್ನು ಉದ್ದಕ್ಕೆ ಬರೆದು ಕಳಿಸುತ್ತಾಳೆ. ಬರಲೇಬೇಕು, ಎರಡು ದಿನ ಮುಂಚೆಯೇ ಬನ್ನಿ ಎಂದೂ ಸೇರಿಸುತ್ತಾಳೆ. ಸಂಜೆ ನಾಲ್ಕಕ್ಕೆ ಎರಡು ಟಿಕ್ ನೀಲಿಯಾಗುತ್ತವೆ. ಉತ್ತರವಿಲ್ಲ. ರಾತ್ರಿ 11.50ಕ್ಕೆ ಬರುತ್ತದೆ: ‘ಸರಿ.’

ನೋಡಿಯೂ ಎಂಟು ಗಂಟೆ ಸುಮ್ಮನಿದ್ದದ್ದು, ಅಷ್ಟುದ್ದದ ಕರೆಗೆ ಒಂದೇ ಪದ, ಅದರ ಕೊನೆಗೊಂದು ಚುಕ್ಕಿ. ನಾದಿನಿಯ ತಲೆಯಲ್ಲಿ ಕಳೆದ ವರ್ಷದ ಒಡವೆಯ ಮಾತಿನವರೆಗೂ ಎಲ್ಲ ಹಾದುಹೋಗಿರುತ್ತದೆ.

ಒಂದೊಂದಾಗಿ ನೋಡಿದರೆ ಕಥೆ ಸಡಿಲವಾಗುತ್ತದೆ. ನೀಲಿ ಟಿಕ್ ಹೇಳುವುದು ಆ ಚಾಟ್ ಅತ್ತಿಗೆಯ ಖಾತೆಯಲ್ಲಿ ತೆರೆಯಿತು ಎಂದಷ್ಟೇ. ತೆರೆದದ್ದು ಅವರೋ, ಕಾರ್ಟೂನ್ ನೋಡಲು ಫೋನ್ ಹಿಡಿದಿದ್ದ ಮೊಮ್ಮಗನೋ ಎಂದು ಅದು ಹೇಳುವುದಿಲ್ಲ. ಚುಕ್ಕಿಯ ವಿಷಯ ಇನ್ನೂ ತಮಾಷೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆ ಒಂದೇ ಪದದ ಉತ್ತರಗಳನ್ನು ತೋರಿಸಿದಾಗ, ಕೊನೆಗೆ ಪೂರ್ಣವಿರಾಮ ಇದ್ದವು ಅಷ್ಟು ಮನಃಪೂರ್ವಕವಲ್ಲ ಎಂದು ಅವರಿಗೆ ಅನ್ನಿಸಿತ್ತು. ಅದೇ ಉತ್ತರಗಳನ್ನು ಚೀಟಿಯಲ್ಲಿ ಕೈಬರಹದಲ್ಲಿ ಕೊಟ್ಟಾಗ ಆ ವ್ಯತ್ಯಾಸ ಕಾಣಲಿಲ್ಲ. ಚುಕ್ಕಿಯಲ್ಲಿ ಮುನಿಸು ಕಾಣುವುದು ಮೊಬೈಲಿನಲ್ಲೇ ಬರೆದು ಬೆಳೆದವರ ರೂಢಿ. ವಾಕ್ಯ ಮುಗಿದರೆ ಪೂರ್ಣವಿರಾಮ ಹಾಕು ಎಂದು ಮೇಷ್ಟರಿಂದ ಕಿವಿ ಹಿಂಡಿಸಿಕೊಂಡವರಿಗೆ ಅದು ಬರೀ ಚುಕ್ಕಿ. ಮೇಲಾಗಿ ಎಷ್ಟೋ ಫೋನುಗಳ ಕೀಬೋರ್ಡ್‌ನಲ್ಲಿ ಸ್ಪೇಸ್ ಕೀಲಿಯನ್ನು ಬೇಗ ಎರಡು ಸಲ ಒತ್ತಿದರೆ ಚುಕ್ಕಿ ತಾನಾಗಿಯೇ ಬೀಳುತ್ತದೆ.

ನಾದಿನಿ ಈಗ ಮಾಡಬೇಕಾದದ್ದು ಬಹಳ ಸಣ್ಣ ಕೆಲಸ. ಅದೇ ಚಾಟನ್ನು ಮೇಲಕ್ಕೆ ಸರಿಸಿ, ಮನಸ್ತಾಪದ ಮಾತೇ ಇಲ್ಲದ ತಿಂಗಳುಗಳಲ್ಲಿ ಅತ್ತಿಗೆ ಹೇಗೆ ಬರೆದಿದ್ದಾರೆ ಎಂದು ನೋಡುವುದು. ‘ತಲುಪಿದೆವು.’ ‘ಊಟ ಆಯ್ತು.’ ‘ಸರಿ.’ ಸಮಯ ನೋಡಿದರೆ ಹೆಚ್ಚಿನವು ರಾತ್ರಿ ಹನ್ನೊಂದರ ಮೇಲೆ, ಅಡುಗೆಮನೆ ಒರೆಸಿ ಮುಗಿಸಿದ ಹೊತ್ತು. ಆ ಹೆಂಗಸು ಯಾವತ್ತೂ ಹೀಗೇ ಬರೆಯುವವರು. ಈ ‘ಸರಿ.’ಯಲ್ಲಿ ಹೊಸದೇನೂ ಇಲ್ಲ.

ಉದ್ದ ಬರೆಯುವುದು, ಚುಟುಕಾಗಿ ಬರೆಯುವುದು ಎರಡಕ್ಕೂ ಹಿಂದೆ ಒಂದೊಂದು ಕಾಲದ ಅಭ್ಯಾಸವಿದೆ. ಇನ್‌ಲ್ಯಾಂಡ್ ಪತ್ರ ಬರೆದವರಿಗೆ ಒಂದೇ ಹಾಳೆಯಲ್ಲಿ ಕ್ಷೇಮಸಮಾಚಾರದಿಂದ ಆಶೀರ್ವಾದದವರೆಗೆ ಎಲ್ಲ ಮುಗಿಸಬೇಕಿತ್ತು. ಅವರು ಇವತ್ತಿಗೂ ಒಂದೇ ಸಂದೇಶದಲ್ಲಿ ಎಲ್ಲ ತುಂಬುತ್ತಾರೆ. ಎಸ್ಸೆಮ್ಮೆಸ್‌ಗೆ ದುಡ್ಡು ಕೊಟ್ಟವರು ಜಿಪುಣರಾದರು. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ. ಕನ್ನಡ ಲಿಪಿಯಲ್ಲಿ ಬರೆದರೆ 70 ಮಾತ್ರ, ಅದೂ ಒತ್ತು, ಕೊಂಬು ಬೇರೆ ಬೇರೆ ಎಣಿಕೆಯಾಗಿ. ಈಗಿನ ಹುಡುಗರಿಗೆ ಆ ಲೆಕ್ಕವೇ ಇಲ್ಲ. ಮಾತಾಡುವ ಹಾಗೆ ತುಂಡು ತುಂಡಾಗಿ ಐದು ಸಂದೇಶ ಬಿಡುತ್ತಾರೆ. ಫೋನ್ ಐದು ಸಲ ಟಿಂಗ್ ಎಂದಾಗ ಊರಲ್ಲಿರುವ ಅಪ್ಪನಿಗೆ ಎದೆ ಹೊಡೆದುಕೊಳ್ಳುತ್ತದೆ. ಮಗ ಕೇಳಿದ್ದು ಚಟ್ನಿಪುಡಿ ಕಳಿಸುತ್ತೀರಾ ಎಂದು. ಆ ಮಗ ನ್ಯೂಜೆರ್ಸಿಯಲ್ಲಿದ್ದರೆ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ರಾತ್ರಿ ಎರಡಕ್ಕೆ ಬಂದ ಸಂದೇಶ ಅವನಿಗೆ ಸಂಜೆಯದು.

ಇಮೋಜಿಯಲ್ಲಿ ಇನ್ನೊಂದು ತೊಡಕು: ಕಳಿಸಿದವರು ಕಂಡ ಮುಖವೇ ಓದುವವರಿಗೆ ಕಾಣಬೇಕೆಂದಿಲ್ಲ. 2016ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಬೇರೆ ಬೇರೆ ಕಂಪನಿಯ ಫೋನುಗಳಲ್ಲಿ ಹಲ್ಲುಬಿಟ್ಟು ನಗುವ ಒಂದೇ ಮುಖ ಒಂದರಲ್ಲಿ ಖುಷಿಯಾಗಿಯೂ ಇನ್ನೊಂದರಲ್ಲಿ ಹಲ್ಲು ಕಚ್ಚಿದ ಹಾಗೂ ಕಾಣುತ್ತಿತ್ತು ಎಂದು ತೋರಿಸಿದರು. ಚಿತ್ರ ಒಂದೇ ಆಗಿದ್ದಾಗಲೂ ಅದು ಒಳ್ಳೆಯ ಭಾವವೋ ಕೆಟ್ಟದ್ದೋ ಅಥವಾ ಎರಡೂ ಅಲ್ಲವೋ ಎಂಬಲ್ಲಿ ಶೇ. 25ರಷ್ಟು ಸಲ ಜನರ ಅಭಿಪ್ರಾಯ ಬೇರೆಯಾಗಿತ್ತು. ಸಾವಿನ ಸುದ್ದಿಯ ಕೆಳಗೆ ಹಿರಿಯರೊಬ್ಬರು 😂 ಹಾಕಿದರೆ ಅವರಿಗೆ ಕಂಡದ್ದು ಕಣ್ಣೀರು, ನಗು ಅಲ್ಲ. ಸಣ್ಣ ಪರದೆ, ಮಂದ ಕಣ್ಣು. ಅವರನ್ನು ಗ್ರೂಪಿನಲ್ಲಿ ತಿದ್ದದೆ, ಪ್ರತ್ಯೇಕ ಫೋನ್ ಮಾಡಿ ಅಳಿಸಲು ಹೇಳಿ.

ಬರೆದವರ ಕಡೆಯಿಂದಲೂ ಒಂದು ಭ್ರಮೆ ಕೆಲಸ ಮಾಡುತ್ತದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತಮ್ಮ ಇಮೇಲ್‌ನಲ್ಲಿರುವ ವ್ಯಂಗ್ಯವನ್ನು ಓದುಗರು ಶೇ. 78ರಷ್ಟು ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಬರೆದವರು ನಂಬಿದ್ದರು. ಓದುಗರು ಗುರುತಿಸಿದ್ದು ಶೇ. 56. ಟಾಸ್ ಹಾಕಿದ್ದರೂ ಐವತ್ತು ಸಿಗುತ್ತಿತ್ತು. ಬರೆಯುವಾಗ ನಮ್ಮ ದನಿ ನಮಗೆ ಕೇಳುತ್ತಿರುತ್ತದೆ. ‘ದೊಡ್ಡ ಮನುಷ್ಯರಾಗಿಬಿಟ್ರಿ’ ಎಂಬ ತಮಾಷೆಯಲ್ಲಿನ ಸಲಿಗೆ ಪರದೆಯ ಮೇಲೆ ಹೋಗುವುದಿಲ್ಲ.

ಹಾಗೆಂದು ಎಲ್ಲ ಬದಲಾವಣೆಯನ್ನೂ ತಳ್ಳಿಹಾಕುವ ಹಾಗಿಲ್ಲ. ಅಭ್ಯಾಸ ಮುರಿದದ್ದೇ ಸುಳಿವು. ಸದಾ ಉದ್ದ ಬರೆಯುವ ಗೆಳತಿ ವಾರಗಟ್ಟಲೆ ಒಂದೊಂದೇ ಪದಕ್ಕೆ ಇಳಿದರೆ, ಹತ್ತಕ್ಕೆ ಮಲಗುವವರು ದಿನವೂ ರಾತ್ರಿ ಮೂರಕ್ಕೆ ಆನ್‌ಲೈನ್ ಕಂಡರೆ, ಏನೋ ಇರಬಹುದು. ಅದು ನಿಮ್ಮ ಮೇಲಿನ ಕೋಪವೇ ಆಗಬೇಕಿಲ್ಲ. ಕಾಯಿಲೆ, ಸಾಲ, ಹೊಸ ಪಾಳಿ, ಒಡೆದ ಪರದೆ ಏನೂ ಆಗಬಹುದು. ‘ಯಾಕೆ ಸಿಟ್ಟು?’ ಎಂದು ಟೈಪ್ ಮಾಡಿದರೆ ತೀರ್ಪು ಕೊಟ್ಟ ಹಾಗಾಗುತ್ತದೆ. ಫೋನ್ ಮಾಡಿ ‘ಹೇಗಿದ್ದೀಯೇ?’ ಎಂದರೆ ಸಾಕು.

ಒಂದು ಕಡೆ ಮಾತ್ರ ಅನುಮಾನವೇ ಮೊದಲು ಬರಬೇಕು. ಯಾವಾಗಲೂ ಕನ್ನಡದಲ್ಲಿ, ‘ಮಾವ’ ಎಂದು ಶುರುಮಾಡುವ ಸೋದರಳಿಯನ ನಂಬರಿನಿಂದ ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ ‘ತುರ್ತಾಗಿ ಇಪ್ಪತ್ತು ಸಾವಿರ ಕಳಿಸಿ, ಈಗ ಫೋನ್ ಮಾಡಬೇಡಿ’ ಎಂದು ಬಂದರೆ, ಆ ಶೈಲಿಯ ವ್ಯತ್ಯಾಸವನ್ನು ಕ್ಷಮಿಸಬೇಡಿ. ಖಾತೆ ಬೇರೆಯವರ ಕೈಗೆ ಸಿಕ್ಕಿರಬಹುದು. ವಾಟ್ಸ್ಆ್ಯಪ್‌ನಲ್ಲಿ ಅಲ್ಲ, ಮಾಮೂಲಿ ಕರೆ ಮಾಡಿ ಅವನ ದನಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.