ಮೇಲಿನಿಂದ ಎಷ್ಟನೆಯವನು, ಕೆಳಗಿನಿಂದ ಎಷ್ಟನೆಯವನು?

ನಾವು ಶಾಲೆಯಲ್ಲಿದ್ದಾಗ ವಿದ್ಯಾರ್ಥಿವೇತನದ ಪರೀಕ್ಷೆಯೊಂದಕ್ಕೆ ಕುಳಿತಿದ್ದೆವು. ಅದರಲ್ಲಿ ಇಂತಹದೊಂದು ಪ್ರಶ್ನೆ ಬಂದಿತ್ತು: “ಹುಡುಗಿಯರ ಸಾಲಿನಲ್ಲಿ ಶಾಂತಾ ಎಡದಿಂದ 14ನೆಯವಳು; ವಿಮಲಾ ಬಲದಿಂದ 17ನೆಯವಳು. ಅವರಿಬ್ಬರ ನಡುವೆ 5 ಮಂದಿ ಇದ್ದಾರೆ. ಸಾಲಿನಲ್ಲಿ ಕನಿಷ್ಠ ಎಷ್ಟು ಮಂದಿ ಇರಬೇಕು?” ನಾವು ಮೂರು ಸಂಖ್ಯೆಗಳನ್ನೂ ಕೂಡಿಸಿ 36 ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದೆವು. ಉತ್ತರ ತಪ್ಪಾಗಿತ್ತು. ಒಂದು ಗೆರೆಯನ್ನು ಎಳೆದು ನೋಡಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಇದಕ್ಕಿಂತ ಸುಲಭವಾದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ತರಗತಿಯೊಂದರಲ್ಲಿ ಗೋಪಾಲನು ಮೇಲಿನಿಂದ 12ನೆಯವನು, ಕೆಳಗಿನಿಂದ 29ನೆಯವನು. ತರಗತಿಯಲ್ಲಿರುವವರು ಎಷ್ಟು ಮಂದಿ? 12ಕ್ಕೆ 29ನ್ನು ಕೂಡಿಸಿ 41 ಎಂದು ಹೇಳಲು ಮನಸ್ಸು ತವಕಿಸುವುದು. ಅವಸರಪಡದೆ ಒಂದು ನೇರವಾದ ಗೆರೆಯನ್ನು ಎಳೆದು, ಅದರ ಮೇಲೆ ಗೋಪಾಲನಿಗಾಗಿ ‘ಗೋ’ ಎಂದು ಗುರುತು ಮಾಡೋಣ.

ಮೇಲೆ |— 11 — ಗೋ — 28 —| ಕೆಳಗೆ

ಮೇಲಿನಿಂದ 12ನೆಯವನೆಂದರೆ ಅವನ ಮೇಲೆ ಇರುವವರು 11 ಮಂದಿ ಮಾತ್ರ, ಹನ್ನೆರಡನೆಯವನು ಅವನೇ. ಹಾಗೆಯೇ ಅವನ ಕೆಳಗೆ ಇರುವವರು 28 ಮಂದಿ. 11, 1, 28 ಇವುಗಳನ್ನು ಕೂಡಿಸಿದರೆ 40 ಆಗುವುದು. ಮೇಲಿನಿಂದ ಎಣಿಸುವಾಗಲೂ ಕೆಳಗಿನಿಂದ ಎಣಿಸುವಾಗಲೂ ಗೋಪಾಲನು ಲೆಕ್ಕಕ್ಕೆ ಸೇರಿದುದರಿಂದಲೇ 41 ಬಂದಿತು. ಎರಡು ಸ್ಥಾನಗಳ ಮೊತ್ತದಿಂದ ಒಂದನ್ನು ಕಳೆಯಬೇಕೆಂಬ ನಿಯಮಕ್ಕೆ ಇದೇ ಕಾರಣ. ಆದರೆ ಆ ನಿಯಮವು ಒಬ್ಬನ ಸ್ಥಾನವನ್ನೇ ಎರಡೂ ತುದಿಗಳಿಂದ ಹೇಳಿದಾಗ ಮಾತ್ರ ಸಲ್ಲುವುದು. ಶಾಂತಾ-ವಿಮಲಾರ ಪ್ರಶ್ನೆಯಲ್ಲಿ ಇಬ್ಬರಿರುವುದರಿಂದ ಅಲ್ಲಿ ಅದು ನಡೆಯದು.

ಈಗ ಆ ಪ್ರಶ್ನೆಗೆ ಹಿಂದಿರುಗೋಣ. ಶಾಂತಾಳ ಎಡಕ್ಕೆ 13 ಮಂದಿ; ವಿಮಲಾಳ ಬಲಕ್ಕೆ 16 ಮಂದಿ. ಶಾಂತಾ ಎಡಗಡೆಯೂ ವಿಮಲಾ ಬಲಗಡೆಯೂ ಇರುವರೆಂದು ಭಾವಿಸಿದರೆ ಗೆರೆ ಹೀಗಾಗುವುದು:

ಎಡ |— 13 — ಶಾ — 5 — ವಿ — 16 —| ಬಲ

ಒಟ್ಟು 13+1+5+1+16, ಅಂದರೆ 36. ಪರೀಕ್ಷೆಯಲ್ಲಿ ನಾವು ಬರೆದದ್ದು ಇದನ್ನೇ. ಆದರೆ ಶಾಂತಾಳೇ ಎಡಗಡೆ ಇರಬೇಕೆಂದು ಪ್ರಶ್ನೆಯಲ್ಲಿ ಎಲ್ಲಿ ಹೇಳಿದೆ? ಎಲ್ಲಿಯೂ ಇಲ್ಲ! ಅವಳ ಸ್ಥಾನವನ್ನು ಎಡದಿಂದ ಎಣಿಸಿದ್ದಾರೆ, ಅಷ್ಟೆ. ಆದುದರಿಂದ ವಿಮಲಾಳನ್ನು ಶಾಂತಾಳ ಎಡಕ್ಕೆ ನಿಲ್ಲಿಸಿ ಇನ್ನೊಂದು ಗೆರೆಯನ್ನು ಎಳೆಯಬೇಕು.

ಈಗ ಶಾಂತಾಳ ಎಡಕ್ಕಿರುವ 13 ಮಂದಿಯಲ್ಲಿ ನಡುವಿನ 5 ಮಂದಿಯೂ ವಿಮಲಾಳೂ ಸೇರಿರುವರು. ಆ 6 ಮಂದಿಯನ್ನು ಕಳೆದರೆ ವಿಮಲಾಳ ಎಡಕ್ಕೆ 7 ಮಂದಿ ಉಳಿಯುವರು. ಅದೇ ರೀತಿ ವಿಮಲಾಳ ಬಲಕ್ಕಿರುವ 16 ಮಂದಿಯಲ್ಲಿ ನಡುವಿನ ಐವರನ್ನೂ ಶಾಂತಾಳನ್ನೂ ಕಳೆದರೆ 10 ಮಂದಿ ಉಳಿಯುವರು.

ಎಡ |— 7 — ವಿ — 5 — ಶಾ — 10 —| ಬಲ

ಒಟ್ಟು 7+1+5+1+10, ಅಂದರೆ 24. ಗೆರೆಯ ಮೇಲೆ ಎಣಿಸಿ ನೋಡಿ: ಶಾಂತಾ ಎಡದಿಂದ 14ನೆಯವಳೇ, ವಿಮಲಾ ಬಲದಿಂದ 17ನೆಯವಳೇ. ಎರಡು ಚಿತ್ರಗಳೂ ಸರಿ. ‘ಕನಿಷ್ಠ’ ಎಂದು ಕೇಳಿದ್ದರಿಂದ ಉತ್ತರವು 24. ಆ ಒಂದು ಪದವನ್ನು ನಾವು ಓದಿಯೂ ಗಮನಿಸಿರಲಿಲ್ಲ.

‘ಕನಿಷ್ಠ’ ಎಂಬ ಪದವಿಲ್ಲದಿದ್ದರೆ ಎರಡರಲ್ಲಿ ಯಾವುದನ್ನು ಆರಿಸಬೇಕು? ಪ್ರಶ್ನೆಯಲ್ಲಿ ಬೇರೊಂದು ಸುಳಿವಿರಬೇಕು. “ಇಬ್ಬರೂ ಸ್ಥಳಗಳನ್ನು ಅದಲುಬದಲು ಮಾಡಿಕೊಂಡಾಗ ಶಾಂತಾ ಎಡದಿಂದ 20ನೆಯವಳಾದಳು” ಎಂದು ಹೇಳಿದ್ದರೆ, ಶಾಂತಾ ಈಗ ನಿಂತಿರುವುದು ವಿಮಲಾಳ ಹಳೆಯ ಸ್ಥಳದಲ್ಲಿ. ಆ ಸ್ಥಳವು ಎಡದಿಂದ 20ನೆಯದು, ಬಲದಿಂದ 17ನೆಯದು. ಗೋಪಾಲನ ಲೆಕ್ಕದಂತೆ 20+17−1, ಅಂದರೆ 36. ಮೊದಲನೆಯ ಚಿತ್ರವೇ ಸರಿ. ಅವಳು 8ನೆಯವಳಾದಳೆಂದಿದ್ದರೆ 8+17−1, ಅಂದರೆ 24. ಎರಡನೆಯ ಚಿತ್ರವು ಸರಿ. ಇಂತಹ ಸುಳಿವು ಯಾವುದೂ ಇಲ್ಲದಿದ್ದರೆ ಒಂದೇ ಉತ್ತರವನ್ನು ನಿಶ್ಚಯಿಸಲಾಗದು.

ಎರಡನೆಯ ಚಿತ್ರವು ಎಲ್ಲ ಪ್ರಶ್ನೆಗಳಿಗೂ ಒದಗುವುದೆಂದು ತಿಳಿಯಬಾರದು. ನಡುವೆ 5ರ ಬದಲು 15 ಮಂದಿ ಇದ್ದರೆಂದು ಭಾವಿಸಿ. ಆಗ ಶಾಂತಾಳ ಎಡಕ್ಕಿರುವ 13 ಮಂದಿಯೊಳಗೆ ಆ 15 ಮಂದಿಯೂ ವಿಮಲಾಳೂ ಅಡಗಲಾರರು. ಗೆರೆಯನ್ನು ಎಳೆಯುವಾಗಲೇ ಇದು ಕಣ್ಣಿಗೆ ಬೀಳುವುದು. ಆಗ ಮೊದಲನೆಯ ಚಿತ್ರವೊಂದೇ ಉಳಿಯುವುದು. ಉತ್ತರವು 14+15+17, ಅಂದರೆ 46.

ಕೊನೆಯದಾಗಿ ಒಂದು ಪ್ರಶ್ನೆಯನ್ನು ನಿಮಗಾಗಿ ಬಿಟ್ಟಿದ್ದೇವೆ. ರಾಮನು ಎಡದಿಂದ 9ನೆಯವನು, ಭೀಮನು ಬಲದಿಂದ 11ನೆಯವನು, ನಡುವೆ 7 ಮಂದಿ. ಸಾಲಿನಲ್ಲಿ ಕನಿಷ್ಠ ಎಷ್ಟು ಮಂದಿ ಇರಬೇಕು? ಆಗ ಭೀಮನು ಎಲ್ಲಿ ನಿಂತಿರುವನು? ಎರಡು ಗೆರೆಗಳನ್ನೂ ಎಳೆದ ಮೇಲೆಯೇ ಉತ್ತರವನ್ನು ಬರೆಯಿರಿ.